ಒತ್ತಕ್ಷರಕ್ಕೆ ಜಾಗ: ಚಾಟ್ ಪರದೆಯ ರೂಪ ಬದಲಿಸುವ ಬಗೆ

ಕಂಪ್ಯೂಟರಿನಲ್ಲಿ ಬಳಸುವ ಚಾಟ್ ಆ್ಯಪ್‌ನ ರೂಪವನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎನ್ನುವುದು ಆ ಆ್ಯಪ್ ಯಾವುದರಿಂದ ಕಟ್ಟಲ್ಪಟ್ಟಿದೆ ಎನ್ನುವುದರ ಮೇಲೆ ನಿಂತಿದೆ. ಟೆಲಿಗ್ರಾಮ್‌ನ ಡೆಸ್ಕ್‌ಟಾಪ್ ಆ್ಯಪ್ ತನ್ನ ಗುಂಡಿ, ಪಟ್ಟಿ, ಸಂದೇಶದ ಗುಳ್ಳೆಗಳನ್ನೆಲ್ಲ ತಾನೇ ಪರದೆಯ ಮೇಲೆ ಬಿಡಿಸುತ್ತದೆ. ಡಿಸ್ಕಾರ್ಡ್, ಸ್ಲ್ಯಾಕ್, ಸಿಗ್ನಲ್ ಆ್ಯಪ್‌ಗಳು ಹಾಗಲ್ಲ. ಅವು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿವೆ. ಅಂದರೆ ಕ್ರೋಮ್ ಬ್ರೌಸರಿನ ಎಂಜಿನ್ ಒಳಗೆ ಓಡುವ ವೆಬ್ ಪುಟವನ್ನೇ ಆ್ಯಪ್‌ನ ಕಿಟಕಿಯಲ್ಲಿ ತೋರಿಸುತ್ತವೆ. ವೆಬ್ ಪುಟದ ಬಣ್ಣ, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ ಇವೆಲ್ಲವನ್ನೂ ನಿರ್ಧರಿಸುವುದು ಸಿಎಸ್‌ಎಸ್ ಎಂಬ ನಿಯಮಗಳ ಭಾಷೆ. ಆದ್ದರಿಂದ ಮೊದಲ ಬಗೆಯ ಆ್ಯಪ್‌ನಲ್ಲಿ ತಯಾರಕರು ತೆರೆದಿಟ್ಟಷ್ಟೇ ಬದಲಾವಣೆ ಸಾಧ್ಯ. ಎರಡನೆಯದರಲ್ಲಿ, ಸಿಎಸ್‌ಎಸ್ ಸೇರಿಸಲು ದಾರಿ ಸಿಕ್ಕರೆ, ಪರದೆಯ ಮೇಲಿನ ಬಹುಪಾಲು ಸಂಗತಿಗಳನ್ನು ಬದಲಿಸಬಹುದು.

ಬಣ್ಣ ಬದಲಿಸುವುದಷ್ಟೇ ಗುರಿಯಾದರೆ ಥೀಮ್ ಸಾಕು. ಕನ್ನಡದಲ್ಲಿ ಹರಟುವವರ ತೊಡಕು ಮಾತ್ರ ಬಣ್ಣದ್ದಲ್ಲ, ಜಾಗದ್ದು. ಇಂಗ್ಲಿಷ್ ಅಕ್ಷರಗಳು ಸಾಲಿನ ಕೆಳಗೆ ಇಳಿಯುವುದು ಅಪರೂಪ, ಇಳಿದರೂ ಸ್ವಲ್ಪವೇ. 'ಲಕ್ಷ್ಮಿ' ಎಂದು ಬರೆದರೆ ಮೇಲೆ ಗುಡಿಸು, ಕೆಳಗೆ ಒತ್ತುಗಳು. 'ರಾಷ್ಟ್ರ'ದಲ್ಲಿ ಒಂದಕ್ಕೆರಡು ಒತ್ತು. ಇಂಗ್ಲಿಷಿಗೆ ಅಳೆದು ಕೊಟ್ಟ ಸಾಲಿನ ಎತ್ತರದಲ್ಲಿ ಇವು ಒತ್ತಿಕೊಂಡು ಕೂರುತ್ತವೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತೆ ಕಾಣುತ್ತದೆ. ಜೊತೆಗೆ, ಒಂದೇ ಅಳತೆಯಲ್ಲಿ ಇಂಗ್ಲಿಷ್ ಅಕ್ಷರ ಸಲೀಸಾಗಿ ಓದಿಸಿಕೊಂಡರೂ ಕನ್ನಡದ ಸುಳಿಗಳು ಕಣ್ಣಿಗೆ ಕಿರಿದೆನಿಸುತ್ತವೆ. ಈ ಎರಡು ದೋಷಗಳನ್ನು ಯಾವ ಸಾಧನ ಎಷ್ಟು ತಿದ್ದಬಲ್ಲದು ಎಂದು ನೋಡುತ್ತ ಹೋದರೆ ಥೀಮ್ ಎಲ್ಲಿ ಮುಗಿಯುತ್ತದೆ, ಸಿಎಸ್‌ಎಸ್ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಟೆಲಿಗ್ರಾಮ್ ಡೆಸ್ಕ್‌ಟಾಪ್‌ನ ಥೀಮ್ ಎಂದರೆ .tdesktop-theme ಎಂದು ಕೊನೆಗೊಳ್ಳುವ ಒಂದು ಫೈಲು. ಅದು ವಾಸ್ತವದಲ್ಲಿ ಒಂದು ಜಿಪ್ ಫೈಲು. ಒಳಗೆ ಬಣ್ಣಗಳ ಪಟ್ಟಿ ಇರುವ ಸಾದಾ ಪಠ್ಯದ ಫೈಲು ಮತ್ತು ಬೇಕಿದ್ದರೆ ಹಿನ್ನೆಲೆಯ ಚಿತ್ರ ಇರುತ್ತವೆ. ಬಣ್ಣಗಳ ಪಟ್ಟಿ ಹೀಗಿರುತ್ತದೆ:

```
windowBg: #fbf7ee;
windowFg: #1f1f1f;
msgInBg: #ffffff;
historyTextInFg: #1f1f1f;
```

ಮೊದಲ ಸಾಲು ಕಿಟಕಿಯ ಹಿನ್ನೆಲೆ, ಎರಡನೆಯದು ಅದರ ಮೇಲಿನ ಅಕ್ಷರ, ಮೂರನೆಯದು ಬಂದ ಸಂದೇಶದ ಗುಳ್ಳೆ, ನಾಲ್ಕನೆಯದು ಆ ಸಂದೇಶದ ಅಕ್ಷರ. ಇಂಥ ಹೆಸರುಗಳು ನೂರಾರು ಇವೆ. ಎಲ್ಲವೂ ಬಣ್ಣದ ಹೆಸರುಗಳೇ. 'ಸಾಲುಗಳ ನಡುವೆ ಇಷ್ಟು ಅಂತರ ಬಿಡು' ಎಂದು ಹೇಳುವ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಇಡೀ ಕಿಟಕಿಯನ್ನು ದೊಡ್ಡದು ಮಾಡುವ ಅಳತೆಯೂ ಹೊಸ ಆವೃತ್ತಿಗಳಲ್ಲಿ ಫಾಂಟ್ ಆರಿಸುವ ಅವಕಾಶವೂ ಸೆಟ್ಟಿಂಗ್ಸ್‌ನಲ್ಲಿವೆ. ಥೀಮ್‌ಗೂ ಅವುಗಳಿಗೂ ಸಂಬಂಧವಿಲ್ಲ. ಕಿಟಕಿ ಹಿಗ್ಗಿಸಿದರೆ ಕನ್ನಡದ ಜೊತೆಗೆ ಇಂಗ್ಲಿಷ್, ಗುಂಡಿ, ಪ್ರೊಫೈಲ್ ಚಿತ್ರ ಎಲ್ಲವೂ ಹಿಗ್ಗುತ್ತವೆ. ಒತ್ತಕ್ಷರದ ಇಕ್ಕಟ್ಟೂ ಅದೇ ಪ್ರಮಾಣದಲ್ಲಿ ಹಿಗ್ಗಿ ಹಾಗೆಯೇ ಉಳಿಯುತ್ತದೆ.

ಥೀಮ್ ರಚಿಸುವವರು ಹೆಚ್ಚಾಗಿ ಎಡವುವುದು ಬಣ್ಣಗಳ ನಡುವಿನ ವ್ಯತ್ಯಾಸದಲ್ಲಿ. ವೆಬ್‌ನ ಸುಗಮತೆಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕನಿಷ್ಠ 4.5:1 ಅನುಪಾತ ಇರಬೇಕು ಎನ್ನುತ್ತದೆ. ಅಚ್ಚ ಬಿಳಿಯ ಮೇಲೆ #767676 ಎಂಬ ಬೂದು ಬಣ್ಣ ಈ ಗೆರೆಯನ್ನು ದಾಟುತ್ತದೆ. ಕೂದಲೆಳೆಯಷ್ಟು ತಿಳಿಯಾದ #777777 ದಾಟುವುದಿಲ್ಲ. ನೋಡಲು ಸೊಗಸೆನಿಸುವ ತಿಳಿ ಬೂದು ಅಕ್ಷರದ ಥೀಮ್‌ಗಳು ಎಷ್ಟೋ ಸಲ ಈ ಲೆಕ್ಕದಲ್ಲಿ ಸೋಲುತ್ತವೆ. ತೆಳುವಾದ ಕನ್ನಡ ಫಾಂಟ್ ಆದರಂತೂ ಅವು ಇನ್ನಷ್ಟು ಮಸುಕು.

ಈಗ ವೆಬ್ ಪುಟದಿಂದ ಕಟ್ಟಿದ ಆ್ಯಪ್‌ನ ಕಡೆಗೆ. ಕಾಲೇಜು ವಿದ್ಯಾರ್ಥಿಗಳಿಗೂ ಆಟಗಾರರಿಗೂ ಪರಿಚಿತವಾದ ಡಿಸ್ಕಾರ್ಡ್ ಇಲ್ಲಿ ಒಳ್ಳೆಯ ಉದಾಹರಣೆ. ಅದರ ಸೆಟ್ಟಿಂಗ್ಸ್‌ನಲ್ಲೇ ತಿಳಿ ಮತ್ತು ಕಪ್ಪು ಥೀಮ್‌ಗಳಿವೆ. ಬಣ್ಣ ಬಣ್ಣದ ಥೀಮ್‌ಗಳಿಗೆ ಹಣ ಕೊಟ್ಟು ಪಡೆಯುವ ಚಂದಾ ಬೇಕು. ಸಂದೇಶದ ಅಕ್ಷರವನ್ನು 12ರಿಂದ 24 ಪಿಕ್ಸೆಲ್‌ವರೆಗೆ ಏರಿಳಿಸುವ ಪಟ್ಟಿಯೂ ಉಂಟು. ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ. ಎಷ್ಟೋ ಮಂದಿಗೆ 18 ಪಿಕ್ಸೆಲ್‌ಗೆ ಏರಿಸುವುದರಲ್ಲೇ ಕೆಲಸ ಮುಗಿಯುತ್ತದೆ, ಮುಂದಿನದಕ್ಕೆ ಕೈಹಾಕುವ ಅಗತ್ಯವೇ ಬೀಳುವುದಿಲ್ಲ. ಇಂಗ್ಲಿಷ್ ಇದ್ದಷ್ಟೇ ಇರಲಿ, ಕನ್ನಡ ಮಾತ್ರ ದೊಡ್ಡದಾಗಲಿ, ಸಾಲುಗಳು ಬಿಡಿಬಿಡಿಯಾಗಲಿ ಎನ್ನುವವರಿಗೆ ಮಾತ್ರ ಸಿಎಸ್‌ಎಸ್ ಬೇಕು.

ಡಿಸ್ಕಾರ್ಡ್ ಸಂದೇಶಗಳಿಗೆ ಬಳಸುವ 'ಜಿಜಿ ಸಾನ್ಸ್' ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಹೀಗಾಗಿ ಕನ್ನಡ ಬಂದಲ್ಲೆಲ್ಲ ಬ್ರೌಸರು ಕಂಪ್ಯೂಟರಿನಲ್ಲಿರುವ ಬೇರೊಂದು ಫಾಂಟನ್ನು ಎರವಲು ತರುತ್ತದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ನಿರ್ಮಲಾ, ಹಳೆಯ ಯಂತ್ರಗಳಲ್ಲಿ ತುಂಗಾ. ಲಿನಕ್ಸ್‌ನಲ್ಲಿ ಲೋಹಿತ್ ಅಥವಾ ನೋಟೊ. ಒಂದೇ ಸಂದೇಶ ಇಬ್ಬರ ಪರದೆಯ ಮೇಲೆ ಎರಡು ತೆರನಾಗಿ ಕಾಣುವುದಕ್ಕೆ ಇದೇ ಕಾರಣ. ಈ ಎರವಲಿನ ಆಯ್ಕೆಯನ್ನು ಬ್ರೌಸರಿನ ಕೈಯಿಂದ ಬಿಡಿಸಿಕೊಂಡು, ಬೇಕಾದ ಫಾಂಟನ್ನು ಬೇಕಾದ ಅಳತೆಯಲ್ಲಿ ಕೊಡುವುದೇ ಮುಂದಿನ ಕೆಲಸದ ತಿರುಳು.

ಡೆಸ್ಕ್‌ಟಾಪ್ ಆ್ಯಪ್‌ನೊಳಗೆ ಸ್ವಂತ ಸಿಎಸ್‌ಎಸ್ ಬರೆಯಲು ಡಿಸ್ಕಾರ್ಡ್ ಜಾಗ ಇಟ್ಟಿಲ್ಲ. ಅದರ ವೆಬ್ ಆವೃತ್ತಿಯನ್ನು ಬ್ರೌಸರಿನಲ್ಲಿ ತೆರೆದರೆ ದಾರಿ ಸುಲಭ. ಸ್ಟೈಲಸ್ ಎಂಬ ಉಚಿತ ಎಕ್ಸ್‌ಟೆನ್ಶನ್ ಯಾವ ತಾಣಕ್ಕೆ ಯಾವ ಸಿಎಸ್‌ಎಸ್ ಎಂದು ನೆನಪಿಟ್ಟುಕೊಂಡು, ಪುಟ ತೆರೆದಾಗಲೆಲ್ಲ ಅದನ್ನು ಸೇರಿಸುತ್ತದೆ. ಅದರಲ್ಲಿ ಹೊಸ ಸ್ಟೈಲ್ ತೆರೆದು, ಅದು ಅನ್ವಯಿಸುವ ತಾಣವಾಗಿ discord.com ಎಂಬ ಡೊಮೇನ್ ಕೊಡಬೇಕು. ತಾಣದ ಹೆಸರು ಕೊಡುವುದನ್ನು ಮರೆತರೆ ನಿಯಮಗಳು ಎಲ್ಲ ತಾಣಗಳಿಗೂ ಅಂಟಿಕೊಳ್ಳುತ್ತವೆ. ಬ್ಯಾಂಕಿನ ಪುಟದ ಅಕ್ಷರವೂ ಇದ್ದಕ್ಕಿದ್ದಂತೆ ಬೇರೆಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮುಂದೆ, ಸಂದೇಶದ ಪಠ್ಯವನ್ನು ಸಿಎಸ್‌ಎಸ್‌ಗೆ ಹೇಗೆ ತೋರಿಸಿಕೊಡುವುದು ಎಂಬ ಪ್ರಶ್ನೆ. ಕ್ರೋಮ್‌ನಲ್ಲಿ Ctrl+Shift+C ಒತ್ತಿ ಯಾವುದಾದರೂ ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಪುಟದ ಒಳರಚನೆ Inspect ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಸಂದೇಶದ ಪೆಟ್ಟಿಗೆ ಸರಿಸುಮಾರು ಹೀಗೆ ಕಾಣುತ್ತದೆ:

```html
<div id="message-content-…" class="markup… messageContent_…">
```

class ಎಂಬಲ್ಲಿರುವ ಹೆಸರುಗಳ ಬಾಲದಲ್ಲಿ ಅರ್ಥವಿಲ್ಲದ ಅಕ್ಷರ-ಅಂಕಿಗಳ ಗೊಂಚಲು ಇರುತ್ತದೆ. ಅದು ಮನುಷ್ಯರು ಇಟ್ಟ ಹೆಸರಲ್ಲ. ಆ್ಯಪ್ ಕಟ್ಟುವ ಉಪಕರಣ ತಾನಾಗಿ ಹುಟ್ಟಿಸಿದ್ದು. ಆ್ಯಪ್‌ನ ಹೊಸ ಆವೃತ್ತಿಯಲ್ಲಿ ಅದು ಬೇರೆಯಾಗಬಹುದು, ಆಗುತ್ತಲೂ ಇರುತ್ತದೆ. ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಇಂಥ ಹೆಸರುಗಳ ಕಾಡೇ ಇದೆ. ಆ ಗೊಂಚಲನ್ನು ನಂಬಿ ಬರೆದ ಸ್ಟೈಲ್ ಇವತ್ತು ಕೆಲಸ ಮಾಡಿ ಮುಂದಿನ ಅಪ್‌ಡೇಟ್ ಬಂದ ದಿನ ಸದ್ದಿಲ್ಲದೆ ನಿಂತುಹೋಗುತ್ತದೆ. id ಎಂಬಲ್ಲಿರುವ message-content- ಎನ್ನುವ ಆರಂಭ ಮಾತ್ರ ಬಹಳ ಕಾಲದಿಂದ ಹಾಗೇ ಉಳಿದುಕೊಂಡಿದೆ. 'ಈ ಅಕ್ಷರಗಳಿಂದ ಶುರುವಾಗುವ id ಇರುವ ಪೆಟ್ಟಿಗೆ' ಎಂದು ಗುರುತಿಸುವುದೇ ಹೆಚ್ಚು ಬಾಳುವ ಕ್ರಮ.

ಕಂಪ್ಯೂಟರಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಇದೆ ಎಂದುಕೊಂಡರೆ, ಪೂರ್ತಿ ಸ್ಟೈಲ್ ಇಷ್ಟೇ:

```css
@font-face {
  font-family: "KannadaChat";
  src: local("Noto Sans Kannada"),
       local("NotoSansKannada-Regular");
  unicode-range: U+0C80-0CFF, U+200C-200D;
  size-adjust: 110%;
}

[id^="message-content-"] {
  font-family: "KannadaChat", "gg sans", sans-serif !important;
  line-height: 1.7 !important;
}
```

ಮೊದಲ ಭಾಗ KannadaChat ಎಂಬ ಹೊಸ ಫಾಂಟ್ ಹೆಸರನ್ನು ಸೃಷ್ಟಿಸುತ್ತದೆ. ಅದರಲ್ಲಿ ಮುಖ್ಯವಾದದ್ದು unicode-range ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 0C80ರಿಂದ 0CFFವರೆಗೆ. ಆ ವ್ಯಾಪ್ತಿಯ ಅಕ್ಷರ ಬಂದಾಗ ಮಾತ್ರ ಈ ಫಾಂಟ್ ಬಳಕೆಯಾಗುತ್ತದೆ. ಇಂಗ್ಲಿಷ್ ಅಕ್ಷರಗಳು ಇದನ್ನು ದಾಟಿ ಜಿಜಿ ಸಾನ್ಸ್‌ಗೇ ಹೋಗುತ್ತವೆ. 200C ಮತ್ತು 200D ಕಣ್ಣಿಗೆ ಕಾಣದ ಎರಡು ಗುರುತುಗಳು. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಟಕಾರದ ಕೆಳಗೆ ಒತ್ತಾಗಿ ಇಳಿಯದಂತೆ ತಡೆಯುವುದು ಇವುಗಳಲ್ಲಿ ಮೊದಲನೆಯದು. ಕನ್ನಡ ಪದದ ನಡುವೆ ಬರುವ ಇವೂ ಅದೇ ಫಾಂಟಿನಲ್ಲಿ ಉಳಿದರೆ ಪದ ತುಂಡಾಗುವ ಅಪಾಯ ಇರುವುದಿಲ್ಲ. size-adjust ಸಾಲು ಕನ್ನಡವನ್ನಷ್ಟೇ ನೂರಕ್ಕೆ ಹತ್ತರಷ್ಟು ಹಿಗ್ಗಿಸುತ್ತದೆ: 16 ಪಿಕ್ಸೆಲ್ ಅಕ್ಷರ 17.6 ಆಗುತ್ತದೆ.

ಎರಡನೆಯ ಭಾಗದ line-height ಒತ್ತಕ್ಷರಕ್ಕೆ ಜಾಗ ಮಾಡಿಕೊಡುವ ಸಾಲು. ಡಿಸ್ಕಾರ್ಡ್‌ನಲ್ಲಿ 16 ಪಿಕ್ಸೆಲ್ ಅಕ್ಷರಕ್ಕೆ ಸಾಲಿನ ಎತ್ತರ 22 ಪಿಕ್ಸೆಲ್. 1.7 ಎಂದು ಕೊಟ್ಟರೆ ಅದು 27 ದಾಟುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: 600 ಪಿಕ್ಸೆಲ್ ಎತ್ತರದ ಜಾಗದಲ್ಲಿ ಮೊದಲು 27 ಸಾಲು ಹಿಡಿಸುತ್ತಿದ್ದಲ್ಲಿ ಈಗ 22 ಸಾಲು. ಸಣ್ಣ ಲ್ಯಾಪ್‌ಟಾಪ್ ಪರದೆಯಲ್ಲಿ ಈ ಐದು ಸಾಲಿನ ನಷ್ಟ ಗೊತ್ತಾಗುತ್ತದೆ, ಅಲ್ಲಿ 1.55ರ ಆಸುಪಾಸು ಹಿತ. !important ಎನ್ನುವುದು ಆ್ಯಪ್‌ನ ಸ್ವಂತ ನಿಯಮಕ್ಕಿಂತ ಇದಕ್ಕೆ ಮೇಲುಗೈ ಕೊಡಲು.

ಸ್ಟೈಲ್ ಉಳಿಸಿದ ಕೂಡಲೇ ಪುಟದಲ್ಲಿ ಬದಲಾವಣೆ ಕಾಣಬೇಕು. ಸಾಲುಗಳು ಅಗಲವಾಗಿ ಅಕ್ಷರ ಮಾತ್ರ ಹಳೆಯದೇ ಉಳಿದಿದ್ದರೆ ಫಾಂಟ್ ಸಿಕ್ಕಿಲ್ಲ ಎಂದರ್ಥ. ಕ್ರೋಮ್‌ನಲ್ಲಿ Inspect ಕಿಟಕಿಯ Computed ಪುಟದ ತಳದಲ್ಲಿ, ಆ ಪಠ್ಯವನ್ನು ನಿಜವಾಗಿ ಯಾವ ಫಾಂಟಿನಲ್ಲಿ ಬಿಡಿಸಲಾಗಿದೆ ಎಂದು ಬರೆದಿರುತ್ತದೆ. ಅಲ್ಲಿ ನಿರ್ಮಲಾ ಎಂದೇ ಇದ್ದರೆ ನೋಟೊ ಫಾಂಟ್ ಯಂತ್ರದಲ್ಲಿ ಇಲ್ಲ, ಇಲ್ಲವೆ ಬೇರೆ ಹೆಸರಿನಲ್ಲಿದೆ. ಫಾಂಟನ್ನು ಅಂತರಜಾಲದಿಂದಲೇ ತರಿಸೋಣ ಎಂದು local ಬದಲಿಗೆ ವಿಳಾಸ ಕೊಟ್ಟರೆ ಇನ್ನೊಂದು ಅಡ್ಡಿ ಎದುರಾಗಬಹುದು. ದೊಡ್ಡ ತಾಣಗಳು ತಮ್ಮ ಪುಟದೊಳಗೆ ಎಲ್ಲೆಲ್ಲಿಂದ ಫಾಂಟ್, ಚಿತ್ರ ತರಬಹುದು ಎಂಬ ಪಟ್ಟಿಯನ್ನು ಬ್ರೌಸರಿಗೆ ಕೊಟ್ಟಿರುತ್ತವೆ. ಪಟ್ಟಿಯಲ್ಲಿಲ್ಲದ ವಿಳಾಸವನ್ನು ಬ್ರೌಸರು ತಿರಸ್ಕರಿಸಿ Console ಪುಟದಲ್ಲಿ ಕೆಂಪಕ್ಷರದ ದೂರು ಬರೆಯುತ್ತದೆ. ಯಂತ್ರದಲ್ಲೇ ಫಾಂಟ್ ಸ್ಥಾಪಿಸಿಕೊಳ್ಳುವುದು ಈ ಜಂಜಾಟಕ್ಕಿಂತ ಮೇಲು. Console ಪುಟದಲ್ಲಿ ಬೇರೆಯವರು ಕೊಟ್ಟ ಏನನ್ನೂ ಅಂಟಿಸಕೂಡದು. ಡಿಸ್ಕಾರ್ಡ್ ತಾನೇ ಅಲ್ಲಿ ದೊಡ್ಡ ಅಕ್ಷರಗಳಲ್ಲಿ ಎಚ್ಚರಿಕೆ ಹಾಕಿರುತ್ತದೆ. ಅಲ್ಲಿ ಓಡುವುದು ಜಾವಾಸ್ಕ್ರಿಪ್ಟ್, ಅದು ಖಾತೆಯನ್ನೇ ಕದಿಯಬಲ್ಲದು.

ಎರಡು ಸಣ್ಣ ದೋಷಗಳು ಬಳಸುತ್ತ ಹೋದಂತೆ ಕಣ್ಣಿಗೆ ಬೀಳುತ್ತವೆ. ಯಾರಾದರೂ ಒಂದು ಸಂದೇಶಕ್ಕೆ ಉತ್ತರ ಕೊಟ್ಟಾಗ ಮೇಲೆ ಮೂಲ ಸಂದೇಶದ ತುಣುಕು ಸಣ್ಣಕ್ಷರದಲ್ಲಿ ಬರುತ್ತದಷ್ಟೆ. ಅದರ ಪೆಟ್ಟಿಗೆಗೂ ಅದೇ ಬಗೆಯ id ಇರುವುದರಿಂದ ಅಲ್ಲಿಯೂ ಸಾಲು ಎತ್ತರವಾಗಿ ತುಣುಕು ಓರೆಯಾಗಿ ಕೂರಬಹುದು. ಆಗ ಆಯ್ಕೆಯ ಸಾಲನ್ನು ಹೀಗೆ ಬಿಗಿ ಮಾಡಬೇಕು:

```css
[id^="message-content-"]:not([class*="repliedTextContent"])
```

ಇಲ್ಲಿ class ಹೆಸರನ್ನು ಬಳಸಿದರೂ ಬಾಲದ ಗೊಂಚಲನ್ನು ಬಿಟ್ಟು ಅರ್ಥವುಳ್ಳ ಭಾಗವನ್ನಷ್ಟೇ ಹಿಡಿಯಲಾಗಿದೆ. ಇನ್ನೊಂದು ದೋಷ ದಪ್ಪಕ್ಷರದ್ದು. ಮೇಲಿನ ಸ್ಟೈಲ್ ಸಾಮಾನ್ಯ ತೂಕದ ಫಾಂಟನ್ನು ಮಾತ್ರ ಹೆಸರಿಸಿದೆ. ದಪ್ಪಕ್ಷರ ಬೇಕಾದಾಗ ಬ್ರೌಸರು ಅದೇ ಅಕ್ಷರವನ್ನು ಕೃತಕವಾಗಿ ದಪ್ಪ ಮಾಡುತ್ತದೆ, 'ಥ' 'ಧ'ಗಳ ಹೊಟ್ಟೆಯ ಚುಕ್ಕಿ-ಸೀಳುಗಳು ಮುಚ್ಚಿಹೋಗಿ ಮಸಿ ಮೆತ್ತಿದಂತಾಗುತ್ತದೆ. ದಪ್ಪ ಫಾಂಟಿನ ಹೆಸರಿನಲ್ಲಿ ಇನ್ನೊಂದು @font-face ಬರೆದು ಅದರಲ್ಲಿ font-weight: 700 ಎಂದು ಸೇರಿಸಿದರೆ ಇದು ಸರಿಹೋಗುತ್ತದೆ.

ಬ್ರೌಸರಿನ ಟ್ಯಾಬುಗಳ ನಡುವೆ ಚಾಟ್ ಕಳೆದುಹೋಗುತ್ತದೆ ಎನ್ನುವವರು ಕ್ರೋಮ್ ಅಥವಾ ಎಡ್ಜ್‌ನ ಮೆನುವಿನಿಂದ ಆ ಪುಟವನ್ನೇ ಆ್ಯಪ್ ಆಗಿ ಸ್ಥಾಪಿಸಿಕೊಳ್ಳಬಹುದು. ಆಗ ಅದಕ್ಕೆ ಬೇರೆ ಕಿಟಕಿ, ಬೇರೆ ಐಕಾನ್ ಸಿಗುತ್ತವೆ. ಸ್ಟೈಲಸ್ ಅಲ್ಲಿಯೂ ಕೆಲಸ ಮಾಡುತ್ತದೆ. ಕಳೆದುಕೊಳ್ಳುವುದೂ ಸ್ವಲ್ಪ ಇದೆ. ಆಟದ ಮೇಲೆ ತೇಲುವ ಡಿಸ್ಕಾರ್ಡ್ ಪಟ್ಟಿ ವೆಬ್ ಆವೃತ್ತಿಯಲ್ಲಿ ಇಲ್ಲ, ಕೀಲಿ ಒತ್ತಿ ಮಾತಾಡುವ ಸೌಲಭ್ಯ ಆ ಕಿಟಕಿ ಎದುರಿಗಿದ್ದಾಗ ಮಾತ್ರ ನಡೆಯುತ್ತದೆ. ಬರೀ ಬರೆದು ಓದುವವರಿಗೆ ಇವು ಲೆಕ್ಕಕ್ಕಿಲ್ಲ.

ಡೆಸ್ಕ್‌ಟಾಪ್ ಆ್ಯಪ್‌ನೊಳಕ್ಕೇ ಸಿಎಸ್‌ಎಸ್ ತೂರಿಸುವ ಬೆಟರ್‌ಡಿಸ್ಕಾರ್ಡ್, ವೆನ್‌ಕಾರ್ಡ್‌ನಂಥ ಹೊರಗಿನವರ ಉಪಕರಣಗಳೂ ಇವೆ. ಅವು ಆ್ಯಪ್‌ನ ಫೈಲುಗಳಲ್ಲಿ ತಮ್ಮ ಕೋಡ್ ಸೇರಿಸುತ್ತವೆ. ಆ್ಯಪನ್ನು ಹೀಗೆ ಮಾರ್ಪಡಿಸುವುದು ಡಿಸ್ಕಾರ್ಡ್‌ನ ಬಳಕೆಯ ನಿಯಮಗಳಿಗೆ ವಿರುದ್ಧ. ಖಾತೆಯ ಮೇಲೆ ಕ್ರಮ ಕೈಗೊಳ್ಳುವ ಹಕ್ಕು ಸಂಸ್ಥೆಗಿದೆ. ಅಪ್‌ಡೇಟ್ ಆದಾಗ ಸೇರಿಸಿದ ಕೋಡ್ ಅಳಿಸಿಹೋಗಿ ಮತ್ತೆ ಕೂರಿಸಬೇಕಾದ ಪ್ರಸಂಗಗಳೂ ಬರುತ್ತವೆ. ಇವುಗಳ ಥೀಮ್‌ಗಳು ಸಿಎಸ್‌ಎಸ್ ಮಾತ್ರ, ಪ್ಲಗಿನ್‌ಗಳು ಹಾಗಲ್ಲ: ಅವು ಪೂರ್ಣ ಪ್ರಮಾಣದ ಪ್ರೋಗ್ರಾಂಗಳು, ಲಾಗಿನ್ ಗುರುತನ್ನೂ ಓದಬಲ್ಲವು. ಅಕ್ಷರ ದೊಡ್ಡದು ಮಾಡುವುದಕ್ಕೆ ಇಷ್ಟು ದೂರ ಹೋಗುವುದು ಸಮರ್ಥನೀಯವಲ್ಲ.

ಬೇರೆಯವರು ಬರೆದ ಸಿಎಸ್‌ಎಸ್ ಪೂರ್ತಿ ನಿರುಪದ್ರವಿ ಎನ್ನುವಂತೆಯೂ ಇಲ್ಲ. ಅದು ಜಾವಾಸ್ಕ್ರಿಪ್ಟ್‌ನಂತೆ ಓಡುವ ಪ್ರೋಗ್ರಾಂ ಅಲ್ಲವಾದರೂ ಚಿತ್ರಕ್ಕೆಂದು ಹೊರಗಿನ ವಿಳಾಸವನ್ನು ಕರೆಯಬಲ್ಲದು. ತಾಣ ಅದಕ್ಕೆ ಅಡ್ಡಿಪಡಿಸಿರದಿದ್ದರೆ, ಪುಟ ತೆರೆದದ್ದು ಎಲ್ಲಿಂದ, ಯಾವಾಗ ಎನ್ನುವುದು ಆ ವಿಳಾಸದವರಿಗೆ ತಿಳಿಯುತ್ತದೆ. @import ಸಾಲು ಇರುವ ಥೀಮ್ ಇನ್ನೊಂದು ಕಡೆಯಿಂದ ನಿಯಮಗಳನ್ನು ತರುತ್ತದೆ. ಇವತ್ತು ಅಲ್ಲಿ ಇದ್ದದ್ದು ನಾಳೆ ಬೇರೆಯಾಗಬಹುದು. ಥೀಮ್ ಹಾಕುವ ಮೊದಲು ಅದರಲ್ಲಿ url ಮತ್ತು @import ಎಂಬ ಪದಗಳನ್ನು ಹುಡುಕಿ ನೋಡುವುದು ಒಂದು ನಿಮಿಷದ ಕೆಲಸ. ಸ್ಟೈಲ್ ಸೇರಿಸುವ ಎಕ್ಸ್‌ಟೆನ್ಶನ್ನೇ ಕೈಕೊಟ್ಟದ್ದೂ ಉಂಟು. ಒಂದು ಕಾಲಕ್ಕೆ ಹೆಸರಾಗಿದ್ದ ಸ್ಟೈಲಿಶ್, ಬಳಕೆದಾರರು ಭೇಟಿ ಕೊಟ್ಟ ತಾಣಗಳ ವಿವರವನ್ನು ತನ್ನ ಮಾಲೀಕ ಸಂಸ್ಥೆಗೆ ಕಳಿಸುತ್ತಿದ್ದುದು 2018ರಲ್ಲಿ ಬಯಲಾಗಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಮಳಿಗೆಗಳು ಅದನ್ನು ತೆಗೆದುಹಾಕಿದ್ದವು. ಇಲ್ಲಿ ಹೇಳಿದ ಸ್ಟೈಲಸ್, ಅದರ ಕೋಡ್‌ನಿಂದಲೇ ಕವಲೊಡೆದು ಆ ಜಾಡು ಹಿಡಿಯುವ ಭಾಗವನ್ನು ಬಿಟ್ಟ ಯೋಜನೆ.

ಸಿಎಸ್‌ಎಸ್ ಏನನ್ನು ಮಾಡಲಾರದು ಎನ್ನುವಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅದು ಬದಲಿಸುವುದು ಆ ಒಂದು ಬ್ರೌಸರಿನಲ್ಲಿ ಕಾಣುವ ರೂಪವನ್ನು ಮಾತ್ರ. ಅದೇ ಖಾತೆಯನ್ನು ಫೋನಿನಲ್ಲಿ ತೆರೆದರೆ ಹಳೆಯ ರೂಪವೇ. ಎದುರಿನವರಿಗೆ ಯಾವ ಬದಲಾವಣೆಯೂ ಕಾಣದು. ಬಣ್ಣ ಬಣ್ಣದ ಅಕ್ಷರದಲ್ಲಿ ಸಂದೇಶ ಕಳಿಸಲು ಇದು ಸಾಧನವಲ್ಲ. ಪರದೆಯ ಮೂಲೆಯಲ್ಲಿ ಮೂಡುವ ಸೂಚನೆಗಳನ್ನು ಬಿಡಿಸುವುದು ವಿಂಡೋಸ್ ಅಥವಾ ಮ್ಯಾಕ್, ಆದ್ದರಿಂದ ಅಲ್ಲಿ ಕನ್ನಡ ಮೊದಲಿನಂತೆಯೇ ಇಕ್ಕಟ್ಟಾಗಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು, ಮರೆಮಾಡುವುದಕ್ಕೂ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ. 'ಇಂಥವರು ಟೈಪ್ ಮಾಡುತ್ತಿದ್ದಾರೆ' ಎಂಬ ಸಾಲನ್ನು display: none ಕೊಟ್ಟು ಅಡಗಿಸಬಹುದು, ಅಡಗಿಸಿದವರು ಟೈಪ್ ಮಾಡುವಾಗ ಅದೇ ಸಾಲು ಉಳಿದವರ ಪರದೆಯಲ್ಲಿ ಎಂದಿನಂತೆ ಮೂಡುತ್ತಲೇ ಇರುತ್ತದೆ. ಕಣ್ಣಿಗೆ ಬೇಡವಾದವರ ಸಂದೇಶಗಳನ್ನು ಅಡಗಿಸಿದರೂ ಅವು ಬರುವುದು ತಪ್ಪುವುದಿಲ್ಲ. ಅದಕ್ಕೆ ಆ್ಯಪ್‌ನ ಬ್ಲಾಕ್ ಸೌಲಭ್ಯವೇ ಬೇಕು.

ಕೊನೆಯ ಎಲ್ಲೆ ಕಾಲದ್ದು. 2025ರಲ್ಲಿ ಡಿಸ್ಕಾರ್ಡ್ ತನ್ನ ಡೆಸ್ಕ್‌ಟಾಪ್ ರೂಪವನ್ನು ಹೊಸದಾಗಿ ಕಟ್ಟಿದಾಗ ಬಣ್ಣಗಳ ಒಳಹೆಸರುಗಳೂ ಬದಲಾದವು, ನೂರಾರು ನಿಯಮಗಳಿದ್ದ ದೊಡ್ಡ ಥೀಮ್‌ಗಳು ಅರ್ಧ ಹಳತು ಅರ್ಧ ಹೊಸತಾಗಿ ಒಡೆದುಹೋದವು. ಹತ್ತು-ಹನ್ನೆರಡು ಸಾಲಿನ ಸ್ಟೈಲ್‌ಗೆ ಅಂಥ ಗತಿ ಬಂದರೂ ರಿಪೇರಿ ಸುಲಭ. ಪುಟ ವಿಚಿತ್ರವಾಗಿ ಕಂಡ ದಿನ ಮೊದಲು ಸ್ಟೈಲಸ್ ಐಕಾನ್ ಒತ್ತಿ ಸ್ಟೈಲನ್ನು ನಿಲ್ಲಿಸಬೇಕು. ಆಗಲೂ ವಿಚಿತ್ರವೇ ಇದ್ದರೆ ದೋಷ ಆ್ಯಪ್‌ನದು. ನಿಲ್ಲಿಸಿದಾಗ ಸರಿಯಾದರೆ ಸಂದೇಶವನ್ನು ಮತ್ತೆ Inspect ಮಾಡಬೇಕು. ಬಲಗಡೆಯ ಪಟ್ಟಿಯಲ್ಲಿ ತಾವು ಬರೆದ ನಿಯಮವೇ ಇಲ್ಲದಿದ್ದರೆ ಪೆಟ್ಟಿಗೆಯ ಹೆಸರು ಬದಲಾಗಿದೆ, ಆಯ್ಕೆಯ ಸಾಲನ್ನು ತಿದ್ದಬೇಕು. ನಿಯಮ ಇದ್ದು ಅದರ ಮೇಲೆ ಗೆರೆ ಎಳೆದಿದ್ದರೆ ಇನ್ನೊಂದು ನಿಯಮ ಅದನ್ನು ಮೀರಿದೆ. ನಿಯಮ ಇದ್ದು ಗೆರೆಯೂ ಇಲ್ಲದೆ ಅಕ್ಷರ ಮಾತ್ರ ಬದಲಾಗದಿದ್ದರೆ ಹುಡುಕಬೇಕಾದದ್ದು ಫಾಂಟನ್ನು. ಸ್ಟೈಲಸ್‌ನ ನಿರ್ವಹಣೆಯ ಪುಟದಲ್ಲಿ Export ಒತ್ತಿ ಸ್ಟೈಲ್‌ಗಳ ಪ್ರತಿಯೊಂದನ್ನು ಉಳಿಸಿಟ್ಟರೆ ಬ್ರೌಸರು ಬದಲಿಸಿದಾಗಲೂ ಹೊಸ ಕಂಪ್ಯೂಟರಿಗೆ ಹೋದಾಗಲೂ ಅದನ್ನೇ ತೆರೆದುಕೊಳ್ಳಬಹುದು; ಫಾಂಟನ್ನು ಮಾತ್ರ ಅಲ್ಲಿ ಬೇರೆಯಾಗಿ ಸ್ಥಾಪಿಸಬೇಕು.